ಮೂರು ಡಬ್ಬಿ, ಮೂರು ದಾರಿ: ವಾಕ್ಯ ವಿಂಗಡಿಸುವ ಆಟದಲ್ಲಿ ಯಾವುದು ನಡೆಯಿತು, ಯಾವುದು ಕೈಕೊಟ್ಟಿತು

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ತುಂಬುವ ರಟ್ಟಿನ ಡಬ್ಬಿಗಳಿಗೆ ಬರವಿಲ್ಲ. ಅಂಥ ಮೂರು ಡಬ್ಬಿ ತಂದು ಸಾಮಾನ್ಯ, ಸಂಯೋಜಿತ, ಮಿಶ್ರ ಎಂದು ವಾಕ್ಯದ ಮೂರು ಬಗೆಗಳ ಹೆಸರು ಬರೆದು ಏಳನೇ ತರಗತಿಯಲ್ಲಿ ಇಟ್ಟೆ. ಹಳೇ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಒಂದೊಂದು ವಾಕ್ಯ ಬರೆದು 24 ಪಟ್ಟಿ ಮಾಡಿದೆ. ಮಕ್ಕಳು ಓದಬೇಕು, ಸರಿಯಾದ ಡಬ್ಬಿಗೆ ಹಾಕಬೇಕು. ಆಟ ಇಷ್ಟೇ. ಆದರೆ ಯಾವ ಗುರುತು ನೋಡಿ ಹಾಕಬೇಕು ಅಂತ ಹೇಳಿಕೊಡುತ್ತೇವಲ್ಲ, ಎಲ್ಲ ಅಡಗಿರುವುದು ಅಲ್ಲೇ. ನಾನು ಮೂರು ಗುರುತು ಬಳಸಿ ನೋಡಿದ್ದೇನೆ.

ಮೊದಲನೆಯದು ಎಲ್ಲರೂ ಮಾಡುವಂಥದ್ದು, ಜೋಡಿಸುವ ಪದ ಹುಡುಕುವುದು. ‘ಮತ್ತು’, ‘ಆದರೆ’, ‘ಆದ್ದರಿಂದ’ ಕಂಡರೆ ಸಂಯೋಜಿತ. ‘ಎಂದು’ ಕಂಡರೆ ಮಿಶ್ರ. ಏನೂ ಇಲ್ಲದಿದ್ದರೆ ಸಾಮಾನ್ಯ. ಹತ್ತೇ ನಿಮಿಷದಲ್ಲಿ ಡಬ್ಬಿ ತುಂಬಿದವು, ನನಗೂ ಖುಷಿ. ಪಟ್ಟಿ ತೆಗೆದು ನೋಡಿದಾಗ ಖುಷಿ ಇಳಿಯಿತು. ‘ಅವ್ವ ಸಂತೆಯಿಂದ ಬದನೆಕಾಯಿ ಮತ್ತು ಮೆಣಸಿನಕಾಯಿ ತಂದಳು’ ಅನ್ನುವುದು ಸಂಯೋಜಿತದ ಡಬ್ಬಿಯಲ್ಲಿ ಕುಳಿತಿತ್ತು. ಕೇಳಿದರೆ, “ಅಕ್ಕೋರ, ಅದರಾಗ ‘ಮತ್ತು’ ಐತ್ರಿ” ಎಂದು ಉತ್ತರ. ಹುಡುಗನದೇನು ತಪ್ಪು? ನಾನೇ ಹೇಳಿಕೊಟ್ಟದ್ದು. ಇಲ್ಲಿ ‘ಮತ್ತು’ ಜೋಡಿಸಿರುವುದು ಎರಡು ಕಾಯಿಪಲ್ಲೆಯನ್ನು, ಎರಡು ವಾಕ್ಯವನ್ನಲ್ಲ.

ಇದಕ್ಕಿಂತ ಕೆಟ್ಟ ಪೆಟ್ಟು ಕೊಟ್ಟದ್ದು ಈ ಜೋಡಿ:

ಕರೆಂಟ್ ಹೋಯಿತು, ಆದ್ದರಿಂದ ಪಂಪ್ ನಿಂತಿತು.
ಕರೆಂಟ್ ಹೋದದ್ದರಿಂದ ಪಂಪ್ ನಿಂತಿತು.

ಎರಡರಲ್ಲೂ ‘ದ್ದರಿಂದ’ ಕಾಣುತ್ತದೆ. ಅರ್ಥವೂ ಹೆಚ್ಚುಕಡಿಮೆ ಒಂದೇ. ಎಲ್ಲ ಗುಂಪಿನವರೂ ಎರಡನ್ನೂ ಒಂದೇ ಡಬ್ಬಿಗೆ ಹಾಕಿದ್ದರು. ಆದರೆ ‘ಕರೆಂಟ್ ಹೋಯಿತು’ ತಾನೇ ನಿಲ್ಲುತ್ತದೆ, ‘ಕರೆಂಟ್ ಹೋದದ್ದರಿಂದ’ ನಿಲ್ಲುವುದಿಲ್ಲ. ಮೊದಲನೆಯದು ಸಂಯೋಜಿತ. ಎರಡನೆಯದರಲ್ಲಿ ಪೂರ್ಣ ಕ್ರಿಯಾಪದ ‘ನಿಂತಿತು’ ಒಂದೇ, ಹಾಗಾಗಿ ಸಾಮಾನ್ಯ. ಪದ ಹುಡುಕುವ ಮಗುವಿಗೆ ಈ ವ್ಯತ್ಯಾಸ ಎಂದೂ ಸಿಗುವುದಿಲ್ಲ.

ಮುಂದಿನ ವರ್ಷ ದಾರಿ ಬದಲಿಸಿದೆ. ಡಬ್ಬಿ ಮುಟ್ಟುವ ಮೊದಲು ಪೂರ್ಣ ಕ್ರಿಯಾಪದಕ್ಕೆ ಕೆಂಪು ಪೆನ್ಸಿಲ್‌ನಿಂದ ಗೆರೆ ಎಳೆಯಬೇಕು, ಎಷ್ಟು ಗೆರೆ ಎಂದು ಎಣಿಸಬೇಕು. ಒಂದಿದ್ದರೆ ಸಾಮಾನ್ಯ. ಪೂರ್ಣ, ಅಪೂರ್ಣ ಎಂಬ ವ್ಯಾಖ್ಯೆ ಬಾಯಿಪಾಠ ಮಾಡಿಸಲಿಲ್ಲ. ಕ್ರಿಯಾಪದದ ತನಕ ಜೋರಾಗಿ ಓದಿ ಅಲ್ಲೇ ನಿಲ್ಲಿ ಅಂದೆ. ಕೇಳುವವರು “ಮುಂದ?” ಅಂದರೆ ಅದು ಅಪೂರ್ಣ. ಸುಮ್ಮನಿದ್ದರೆ ಪೂರ್ಣ. “ಅವ್ವ ಬೆಳಗ್ಗೆ ಎದ್ದು...” ಎಂದು ಒಬ್ಬಳು ನಿಲ್ಲಿಸಿದರೆ ಇಡೀ ತರಗತಿ “ಮುಂದ?” “ಕಸ ಹೊಡೆದು...” “ಮುಂದ?” “ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು...” “ಮುಂದ?” “ಹೊಲಕ್ಕೆ ಹೋದಳು.” ಎಲ್ಲ ಗಪ್‌ಚಿಪ್. 24 ಪಟ್ಟಿಗಳಲ್ಲಿ ಅತಿ ಉದ್ದದ ಪಟ್ಟಿ ಅದು, ಹೋಗಿ ಬಿದ್ದದ್ದು ಸಾಮಾನ್ಯ ವಾಕ್ಯದ ಡಬ್ಬಿಗೆ. ಹಿಂದಿನ ವರ್ಷ ಉದ್ದ ನೋಡಿಯೇ ಅದನ್ನು ಮಿಶ್ರ ಅಂದಿದ್ದರು.

ಒಂದು ತೊಡಕು ಬಂತು. ‘ನಮ್ಮ ಊರು ದೊಡ್ಡದು’ ಎಂಬ ಪಟ್ಟಿಯಲ್ಲಿ ಗೆರೆ ಎಳೆಯಲು ಏನೂ ಇಲ್ಲ. ಸೊನ್ನೆ ಬಂದರೆ ಯಾವ ಡಬ್ಬಿ? ಕನ್ನಡದಲ್ಲಿ ಇಂಥ ವಾಕ್ಯ ಜಾಸ್ತಿ, ‘ಆಗಿದೆ’ ಎನ್ನುವುದು ಹೇಳದೆಯೇ ತಿಳಿಯುತ್ತದೆ. ಆ ಪದವನ್ನು ಚುಕ್ಕೆಗೆರೆಯಲ್ಲಿ ಬರೆದುಕೊಂಡು ಎಣಿಸಿ ಎಂದೆ, ಸರಿಹೋಯಿತು. ‘ಬರಲಿಲ್ಲ’, ‘ಗೊತ್ತಿಲ್ಲ’ ಕೂಡ ಪೂರ್ಣವೇ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ‘ಇಲ್ಲ’ ಎಂದ ಮೇಲೆ ಕ್ರಿಯೆ ಎಲ್ಲಿದೆ ಎಂದು ವಾದಕ್ಕೆ ನಿಲ್ಲುತ್ತಾರೆ.

ಎಣಿಕೆಯ ದಾರಿ ಸಾಮಾನ್ಯ ವಾಕ್ಯವನ್ನು ಗಟ್ಟಿಯಾಗಿ ಬೇರೆ ಮಾಡಿಕೊಡುತ್ತದೆ. ಆದರೆ ಎರಡು ಗೆರೆ ಬಂದ ಮೇಲೆ ಕೈ ಚೆಲ್ಲುತ್ತದೆ. ಸಂಯೋಜಿತಕ್ಕೂ ಎರಡು, ಮಿಶ್ರಕ್ಕೂ ಎರಡು. ಅಲ್ಲಿ ಮಕ್ಕಳು ಮತ್ತೆ ‘ಎಂದು’ ಹುಡುಕಲು ಶುರು ಮಾಡಿದರು.

ಮೂರನೆಯದು ಅದಕ್ಕಾಗಿಯೇ ಹುಟ್ಟಿದ್ದು. ಮೊದಲು ಕತ್ತರಿ ಕೊಟ್ಟೆ. ಪಟ್ಟಿಯನ್ನು ತುಂಡು ಮಾಡಿ, ಜೋಡಿಸುವ ಪದ ಬದಿಗಿಟ್ಟು, ಉಳಿದ ತುಂಡುಗಳನ್ನು ಬೇರೆ ಬೇರೆ ಓದಿ ಎಂದೆ. ‘ಮೋಡ ಕವಿಯಿತು’, ‘ಮಳೆ ಬರಲಿಲ್ಲ’: ಎರಡೂ ತಾವಾಗಿ ನಿಂತವು, ನಡುವಿನ ‘ಆದರೆ’ ಹೊರಗೆ. ಇದು ಸಂಯೋಜಿತ. ಆಮೇಲೆ ‘ಅಪ್ಪ ಪೇಟೆಯಿಂದ ಪುಸ್ತಕ ತರುತ್ತೇನೆ ಎಂದು ಹೇಳಿದನು’. ಒಬ್ಬ ಹುಡುಗಿ ಕತ್ತರಿ ಹಿಡಿದು ಬಹಳ ಹೊತ್ತು ಕುಳಿತಳು. “ಎಲ್ಲಿ ಕತ್ತರಿಸಲ್ರಿ ಅಕ್ಕೋರ? ಒಂದು ವಾಕ್ಯ ಇನ್ನೊಂದರ ಹೊಟ್ಟ್ಯಾಗ ಐತ್ರಿ.” ನಾನು ಹೇಳಬೇಕಿದ್ದ ಮಾತು ಅವಳ ಬಾಯಲ್ಲೇ ಬಂತು. ಕನ್ನಡದಲ್ಲಿ ಉಪವಾಕ್ಯ ಹೀಗೆ ‘ಅಪ್ಪ’ ಮತ್ತು ‘ಹೇಳಿದನು’ಗಳ ನಡುವೆ ಹೋಗಿ ಕೂರುತ್ತದೆ. ಅದನ್ನು ತೆಗೆದರೆ ‘ಅಪ್ಪ ಹೇಳಿದನು’ ಉಳಿಯುತ್ತದೆ, ಕೂಡಲೇ “ಏನಂತ?” ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗೆ ಉತ್ತರ ಕತ್ತರಿಸಿದ ತುಂಡಿನಲ್ಲಿದ್ದರೆ ಅದು ಮಿಶ್ರ.

ಕತ್ತರಿಯ ತೊಂದರೆ ಎಂದರೆ ಪಟ್ಟಿ ಒಂದೇ ದಿನದ ಬಾಳಿಕೆ, ಸಂಜೆ ನೆಲದ ತುಂಬ ಚೂರು. ಈಗ ಕತ್ತರಿ ಬಿಟ್ಟು ಮಡಚಿಸುತ್ತೇನೆ. ಹೊಟ್ಟೆಯೊಳಗಿನ ವಾಕ್ಯವನ್ನೂ ‘ಎಂದು’ವನ್ನೂ ಹಿಂದಕ್ಕೆ ಮಡಚಿದರೆ ‘ಅಪ್ಪ’ ಮತ್ತು ‘ಹೇಳಿದನು’ ಅಂಚಿಗೆ ಅಂಚು ಕೂಡುತ್ತವೆ. ಬಿಚ್ಚಿದರೆ ಪೂರ್ತಿ ವಾಕ್ಯ. ಅದೇ 24 ಪಟ್ಟಿ ಎರಡನೇ ವರ್ಷಕ್ಕೂ ಬಂದಿವೆ. ಲಗ್ನಪತ್ರಿಕೆ ತೀರಾ ದಪ್ಪವಿದ್ದರೆ ಮಡಚಿದಲ್ಲಿ ಸೀಳುತ್ತದೆ, ತೆಳ್ಳನೆಯದು ಆರಿಸಿಕೊಳ್ಳಿ.

ಮಡಚುವುದಕ್ಕೂ ಒಗ್ಗದ ಪಟ್ಟಿಗಳಿವೆ. ‘ಯಾರು ಮೊದಲು ಬರುತ್ತಾರೋ ಅವರು ಕಿಟಕಿ ಪಕ್ಕ ಕೂರುತ್ತಾರೆ’ ಎನ್ನುವುದು ನಡುವೆ ಸರಿಯಾಗಿ ಮಡಚುತ್ತದೆ, ನೋಡಲು ಸಂಯೋಜಿತದ ಹಾಗೇ. ‘ಓ’ ತೆಗೆದರೆ ‘ಬರುತ್ತಾರೆ’ ಪೂರ್ಣವೇ, ಹಾಗಾಗಿ ಗೆರೆಯೂ ಎರಡು. ‘ಯಾರು ಮೊದಲು ಬರುತ್ತಾರೋ’ ಎಂದು ಓದಿಸಿ “ಮುಂದ?” ಆಟ ಆಡಿಸಿದ ಮೇಲೆಯೇ ಅದು ಮಿಶ್ರದ ಡಬ್ಬಿಗೆ ಹೋಗುವುದು. ಹೀಗಾಗಿ ಎಣಿಕೆ ಬಿಟ್ಟು ಬರೀ ಮಡಚುವುದನ್ನು ಹಿಡಿದರೆ ಆಗದು. ಒಂದು ಅವಧಿ ಎಣಿಕೆಗೆ, ಮರುದಿನ ಎರಡು ಗೆರೆ ಬಂದ ಪಟ್ಟಿಗಳನ್ನಷ್ಟೇ ಮಡಚಲು. ಜೋಡಿಸುವ ಪದಗಳನ್ನು ಕೊನೆಗೆ ಬಿಡುತ್ತೇನೆ. ತುಂಬಿದ ಡಬ್ಬಿಯಲ್ಲಿ ಯಾವ ಯಾವ ಪದ ಸಿಕ್ಕಿವೆ ಎಂದು ಅವರೇ ಪಟ್ಟಿ ಮಾಡುತ್ತಾರೆ.

ಒಂದೇ ಅವಧಿ ಸಿಕ್ಕರೆ ಮೂರು ದಾರಿಗಳಲ್ಲಿ ನಾನು ಎಣಿಕೆಯನ್ನೇ ಆರಿಸುತ್ತೇನೆ. ಮಿಶ್ರದ ಪಾಠ ಅರ್ಧಕ್ಕೆ ನಿಂತರೂ ತಪ್ಪು ಗುರುತು ತಲೆಗೆ ಹತ್ತುವುದಿಲ್ಲ.

ಈಗ ನಾಲ್ಕನೇ ಡಬ್ಬಿಯೊಂದಿದೆ, ಮಕ್ಕಳೇ ಅದಕ್ಕೆ ಜಗಳದ ಡಬ್ಬಿ ಎಂದು ಹೆಸರಿಟ್ಟಿದ್ದಾರೆ. ‘ಗೋಳಗುಮ್ಮಟದಲ್ಲಿ ಕೂಗಿದರೆ ದನಿ ಮತ್ತೆ ಮತ್ತೆ ಕೇಳುತ್ತದೆ’ ಎಂಬ ಪಟ್ಟಿ ಅದರಲ್ಲಿದೆ. ಎಣಿಸಿದರೆ ಗೆರೆ ಒಂದೇ, ನಾನು ಸಾಮಾನ್ಯ ಅನ್ನುತ್ತೇನೆ. ಇಂಗ್ಲಿಷ್ ಕಲಿಸುವ ಸರ್ ‘ಇಫ್’ ಇದ್ದರೆ ಕಾಂಪ್ಲೆಕ್ಸ್, ಅಂದರೆ ಮಿಶ್ರ, ಎಂದು ಕಲಿಸಿದ್ದಾರೆ, ಅವರ ಭಾಷೆಗೆ ಅದು ಸರಿ. ಮಕ್ಕಳು ಇಬ್ಬರ ಬಳಿಯೂ ಹೋಗಿ ಕೇಳಿ ಬಂದು ನಗುತ್ತಾರೆ. ಪಟ್ಟಿ ಇನ್ನೂ ಅಲ್ಲೇ ಇದೆ.