ಡ್ಯಾಶ್‌ಬೋರ್ಡ್ ತೋರಿಸುವ 300 ಕಿ.ಮೀ. ನಂಬಿ ಹೈವೇ ಹತ್ತಬೇಡಿ

ಹೊರಡುವಾಗ ನನ್ನ ಎಲೆಕ್ಟ್ರಿಕ್ ಕಾರಿನ ಚಾರ್ಜ್ ಪೂರ್ತಿ ಇತ್ತು. ಡ್ಯಾಶ್‌ಬೋರ್ಡ್ 300 ಕಿ.ಮೀ. ತೋರಿಸುತ್ತಿತ್ತು. ಹೋಗಬೇಕಿದ್ದದ್ದು 220. ದಾರಿಯಲ್ಲಿ ಚಾರ್ಜ್ ಮಾಡುವ ಯೋಚನೆಯೇ ಬರಲಿಲ್ಲ.

ಆ 300 ಎಲ್ಲಿಂದ ಬಂತು ಅಂತ ಆಮೇಲೆ ತಿಳಿಯಿತು. ನನ್ನ ಬ್ಯಾಟರಿಯಲ್ಲಿ ಬಳಸಲು ಸಿಗುವುದು 38 ಯೂನಿಟ್, ಅಂದರೆ 38 ಕಿಲೋವ್ಯಾಟ್-ಅವರ್. ಹಿಂದಿನ ವಾರವೆಲ್ಲ ಊರೊಳಗೆ ನಿಧಾನಕ್ಕೆ ಓಡಿಸಿದ್ದೆ, 100 ಕಿ.ಮೀ.ಗೆ 12.5 ಯೂನಿಟ್ ಖರ್ಚಾಗಿತ್ತು. ಕಾರು ಅದೇ ಲೆಕ್ಕ ಹಿಡಿದು ಭಾಗಿಸಿತ್ತು, ಅಷ್ಟೇ. ನಾನು ಮುಂದೆ ಯಾವ ಸ್ಪೀಡಲ್ಲಿ ಹೋಗುತ್ತೇನೆ ಅಂತ ಅದಕ್ಕೇನು ಗೊತ್ತು?

ಹೈವೇಯಲ್ಲಿ 110ರಲ್ಲಿ, ಎಸಿ ಹಾಕಿಕೊಂಡು ಹೋದೆ. 110 ಕಿ.ಮೀ. ಮುಗಿದಾಗ ಚಾರ್ಜ್ 42 ಪರ್ಸೆಂಟ್. 22 ಯೂನಿಟ್ ಹೋಗಿ 16 ಉಳಿದಿತ್ತು, ಅಂದರೆ 100 ಕಿ.ಮೀ.ಗೆ 20 ಯೂನಿಟ್. ಇನ್ನೂ 110 ಕಿ.ಮೀ. ಬಾಕಿ. ಹೀಗೇ ಹೋದರೆ 80ಕ್ಕೆ ಖಾಲಿ.

ಗಾಬರಿಯಲ್ಲಿ ಮೊದಲು ಮಾಡಿದ್ದು ಎಸಿ ಆಫ್. ಸ್ಪೀಡ್ ಮಾತ್ರ ಇಳಿಸಲಿಲ್ಲ, ಬೇಗ ತಲುಪಿಬಿಡೋಣ ಅನ್ನುವ ದಡ್ಡತನ! ಹಿಂದೆ ಕೂತ ಅಮ್ಮ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. 20 ಕಿ.ಮೀ. ಹೀಗೇ ಬೇಯಿಸಿದ್ದಕ್ಕೆ ಉಳಿತಾಯವಾದದ್ದು ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ.

ಯಾಕೆಂದರೆ ಎಸಿ ತಿನ್ನುವುದು ಗಂಟೆಯ ಲೆಕ್ಕದಲ್ಲಿ. ಕಾರು ಒಮ್ಮೆ ತಣ್ಣಗಾದ ಮೇಲೆ ನನ್ನದು ಗಂಟೆಗೆ ಸುಮಾರು 1.5 ಯೂನಿಟ್ ಎಳೆಯುತ್ತದೆ. 110ರಲ್ಲಿ ಹೋಗುವಾಗ ಅದು 100 ಕಿ.ಮೀ.ಗೆ 1.4 ಯೂನಿಟ್ ಕೂಡ ಆಗುವುದಿಲ್ಲ. ಗಾಳಿಯ ತಡೆ ಹಾಗಲ್ಲ. ಅದು ಸ್ಪೀಡಿನ ವರ್ಗದಂತೆ ಏರುತ್ತದೆ: 60ರಲ್ಲಿ ಇರುವುದಕ್ಕಿಂತ 110ರಲ್ಲಿ ಮೂರು ಪಟ್ಟಿಗೂ ಜಾಸ್ತಿ. ನನ್ನ ಕಾರಿನಲ್ಲಿ ಎಸಿ ಇಲ್ಲದೆ 60ರಲ್ಲಿ 100 ಕಿ.ಮೀ.ಗೆ ಸುಮಾರು 10.5 ಯೂನಿಟ್ ಸಾಕು, 110ರಲ್ಲಿ 18.6 ಬೇಕು. (ಟ್ರಾಫಿಕ್ ಜಾಮಿನಲ್ಲಿ ಕತೆ ಉಲ್ಟಾ. ಗಂಟೆಗೆ 15 ಕಿ.ಮೀ. ತೆವಳುವಾಗ ಎಸಿ ಒಂದೇ 100 ಕಿ.ಮೀ.ಗೆ 10 ಯೂನಿಟ್ ನುಂಗುತ್ತದೆ. ಅಲ್ಲಿ ಆಫ್ ಮಾಡಿದರೆ ನಿಜಕ್ಕೂ ಉಳಿತಾಯ.)

ಕೊನೆಗೆ 60ಕ್ಕೆ ಇಳಿಸಿದಾಗ 90 ಕಿ.ಮೀ. ಬಾಕಿ, 12.3 ಯೂನಿಟ್ ಉಳಿದಿತ್ತು. ಎಸಿ ಹಾಕಿದ್ದರೆ 11.7 ಬೇಕಿತ್ತು, ಒಂದು ಏರು ಸಿಕ್ಕಿದ್ದರೂ ಕೈ ಕೊಡುತ್ತಿತ್ತು. ಹಾಗಾಗಿ ಎಸಿ ಇಲ್ಲದೆಯೇ ಬಂದೆವು. ತಲುಪಿದಾಗ 7 ಪರ್ಸೆಂಟ್. ಆ 20 ಕಿ.ಮೀ.ಗೆ ಮುಂಚೆಯೇ ಸ್ಪೀಡ್ ಇಳಿಸಿದ್ದರೆ, ಎಸಿ ಹಾಕಿಕೊಂಡೇ 14.3 ಯೂನಿಟ್‌ನಲ್ಲಿ ತಲುಪಬಹುದಿತ್ತು. ಅಮ್ಮನಿಗೆ ಇದನ್ನು ಹೇಳಿಲ್ಲ.

ಈಗ ಹೈವೇ ಹತ್ತಿದ ತಕ್ಷಣ ಟ್ರಿಪ್ ಮೀಟರ್ ಸೊನ್ನೆ ಮಾಡುತ್ತೇನೆ. 20 ಕಿ.ಮೀ. ಆದ ಮೇಲೆ, 100 ಕಿ.ಮೀ.ಗೆ ಅದು ತೋರಿಸುವ ಖರ್ಚಿನಿಂದ ಉಳಿದ ಯೂನಿಟ್ ಭಾಗಿಸಿ 100ರಿಂದ ಗುಣಿಸುತ್ತೇನೆ. ಬಂದ ಉತ್ತರ ಬಾಕಿ ದೂರಕ್ಕಿಂತ ಕನಿಷ್ಠ 30 ಕಿ.ಮೀ. ಜಾಸ್ತಿ ಇಲ್ಲದಿದ್ದರೆ ಆಗಲೇ ಸ್ಪೀಡ್ ಇಳಿಸುತ್ತೇನೆ. ಎಸಿ ಸ್ವಿಚ್ ಮುಟ್ಟುವುದು ಆಮೇಲೆ.