ಆರು ಅಂಕ: ಅಂಶಕ್ಕೋ, ಕೊಂಡಿಗೋ?

ಕೈಗಾರಿಕಾ ಕ್ರಾಂತಿಯ ಕಾರಣ, ಪರಿಣಾಮ ಕೇಳುವ ಆರು ಅಂಕದ ಪ್ರಶ್ನೆಗೆ ಎರಡು ರೀತಿ ಅಂಕ ಹಂಚಬಹುದು. ಒಂದು, ಮೂರು ಕಾರಣ, ಮೂರು ಪರಿಣಾಮ, ಅಂಶಕ್ಕೊಂದು ಅಂಕ. ಇನ್ನೊಂದು, ಎರಡು ಕಾರಣ, ಎರಡು ಪರಿಣಾಮ, ಉಳಿದೆರಡು ಅಂಕ ಅವನ್ನು ಬೆಸೆಯುವ ಕೊಂಡಿಗೆ.

ಮೊದಲನೆಯದರಲ್ಲಿ ತಿದ್ದುವುದು ಬೇಗ, ಜಗಳವೂ ಕಮ್ಮಿ. ಆದರೆ ‘ಕಲ್ಲಿದ್ದಲು, ಕಬ್ಬಿಣ, ಬಂಡವಾಳ’ ಅಂತ ಸುಮ್ನೆ ಪಟ್ಟಿ ಬರೆದರೂ ಮೂರು ಅಂಕ ಕೊಡಲೇಬೇಕು.

ಈ ಉತ್ತರ ನೋಡಿ: ‘1733ರಲ್ಲಿ ಜಾನ್ ಕೇ ಹಾರುವ ಲಾಳಿ ಮಾಡಿದ. ನೇಯ್ಗೆ ಜೋರಾಯಿತು, ನೂಲು ಸಾಲಲಿಲ್ಲ. ಅದಕ್ಕೇ ನೂಲುವ ಯಂತ್ರಗಳು ಬಂದವು. ದೊಡ್ಡ ಯಂತ್ರ ಮನೆಯಲ್ಲಿ ಹಿಡಿಸದೆ ಕಾರ್ಖಾನೆ ಎದ್ದಿತು. ಅಲ್ಲಿ ಮಕ್ಕಳೂ ದುಡಿದರು.’ ಮೊದಲ ಅಳತೆಯಲ್ಲಿ ಇದಕ್ಕೆ ಮೂರೇ ಅಂಕ: ಆವಿಷ್ಕಾರ ಒಂದು ಕಾರಣ, ಕಾರ್ಖಾನೆ ಮತ್ತು ಬಾಲಕಾರ್ಮಿಕರು ಎರಡು ಪರಿಣಾಮ. ಎರಡನೆಯದರಲ್ಲಿ ನೂಲಿನ ಕೊರತೆ, ಮನೆಯಿಂದ ಕಾರ್ಖಾನೆ, ಈ ಎರಡು ಕೊಂಡಿ ಸೇರಿ ಐದು. ಯಂತ್ರದ ಹೆಸರು ಎಷ್ಟಿದ್ದರೂ ಕಾರಣ ಒಂದೇ ಎಂದು ಮೊದಲೇ ಬರೆದಿಡಿ.

ನಮ್ಮ ದಾವಣಗೆರೆ ಮಕ್ಕಳು ಊರಿನ ಹತ್ತಿ ಮಿಲ್ಲುಗಳನ್ನು ಎಳೆದು ತರುತ್ತಾರೆ, ಅಲ್ವಾ? ಇಂಗ್ಲೆಂಡಿನ ಯಾವುದಾದರೂ ಬದಲಾವಣೆಗೆ ಜೋಡಿಸಿದ್ದರೆ ಮಾತ್ರ ಅಂಕ ಕೊಡಿ.

ಹಲವರು ಹಂಚಿಕೊಂಡು ತಿದ್ದುವ ಪರೀಕ್ಷೆಗೆ ಮೊದಲನೆಯದೇ ಸರಿ. ನಿಮ್ಮದೇ ತರಗತಿಯ ಕಿರುಪರೀಕ್ಷೆಗೆ ನಾನಾದರೆ ಎರಡನೆಯದನ್ನೇ ಹಿಡಿಯುತ್ತೇನೆ.