ಅಗ್ಗದ ಕ್ರೋಮ್‌ಬುಕ್‌ನಲ್ಲಿ ಆಟ: ಬ್ರೌಸರಿನ ಆಚೆಗೆ ಏನು ಓಡುತ್ತದೆ, ಏನು ಓಡುವುದಿಲ್ಲ

ನಮ್ಮ ಮನೆಯಲ್ಲಿರುವುದು ಅತ್ಯಂತ ಕೆಳದರ್ಜೆಯ ಕ್ರೋಮ್‌ಬುಕ್. ಇಂಟೆಲ್ ಸೆಲೆರಾನ್ ಎನ್4020 ಪ್ರೊಸೆಸರ್, ನಾಲ್ಕು ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ, ಫ್ಯಾನ್ ಇಲ್ಲದ ಮೈ. ಮಗಳ ಓದಿಗೆಂದು ಕೊಂಡದ್ದು. ಮಲೆನಾಡಿನ ನಮ್ಮ ಊರಿನಲ್ಲಿ ಮಳೆಗಾಲವೆಂದರೆ ಇಂಟರ್ನೆಟ್ ದಿನಗಟ್ಟಲೆ ಇಲ್ಲದಿರುವ ಕಾಲ. ದೂರದ ಸರ್ವರಿನಲ್ಲಿ ಓಡಿ ಚಿತ್ರವಾಗಿ ನಮಗೆ ಬರುವ ಕ್ಲೌಡ್ ಆಟಗಳು ಆಗ ತೆರೆಯುವುದೇ ಇಲ್ಲ. ಹಾಗಾಗಿ ನನಗಿದ್ದ ಪ್ರಶ್ನೆ ಒಂದೇ: ನೆಟ್ ಪೂರ್ತಿ ನಿಂತಾಗಲೂ ಈ ಯಂತ್ರ ತನ್ನ ಸ್ವಂತ ಬಲದಿಂದ ಆಟವನ್ನು ಆಡಿಸಬಲ್ಲದೆ? ಆಡಿಸಬಲ್ಲದು, ಆಟವನ್ನು ಆರಿಸಿಕೊಳ್ಳಲು ಬಂದರೆ. ಎರಡು ವರ್ಷಕ್ಕೂ ಮೀರಿದ ಬಳಕೆಯ ನಂತರ ಇದನ್ನು ಬರೆಯುತ್ತಿದ್ದೇನೆ.

ಹಳೆಯ ವೀಡಿಯೊಗಳನ್ನು ನೋಡಿ ಕ್ರೋಮ್‌ಬುಕ್‌ನಲ್ಲಿ ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ಅಂಗಡಿ ಇದೆ ಎಂದು ನಂಬಿಕೊಂಡವರು ಆ ಆಸೆಯನ್ನು ಬಿಡಬೇಕು. ಗೂಗಲ್ 2022ರಲ್ಲಿ ಪರೀಕ್ಷಾರ್ಥವಾಗಿ ತಂದ ಆ ಸೌಲಭ್ಯವನ್ನು 2026ರ ಜನವರಿ 1ರಂದು ಕೊನೆಗೊಳಿಸಿತು. ಅದು ಇದ್ದಾಗಲೂ ಕನಿಷ್ಠ ಕೋರ್ ಐ3 ಅಥವಾ ರೈಜೆನ್ 3 ಪ್ರೊಸೆಸರ್ ಮತ್ತು ಎಂಟು ಜಿಬಿ ರ್‍ಯಾಮ್ ಕೇಳುತ್ತಿತ್ತು, ನಮ್ಮಂಥ ಯಂತ್ರಗಳಿಗೆ ಬಾಗಿಲು ತೆರೆದಿರಲೇ ಇಲ್ಲ.

ಇನ್ನು ಉಳಿಯುವುದು ಎರಡು ದಾರಿಗಳು. ಮೊದಲನೆಯದು ಆಂಡ್ರಾಯ್ಡ್ ಆಟಗಳು. ಪ್ಲೇ ಸ್ಟೋರ್ ಇದೆ. ಕೇರಂ, ಚದುರಂಗ, ಒಗಟಿನ ಆಟಗಳು ಚೆನ್ನಾಗಿಯೇ ನಡೆಯುತ್ತವೆ. ಆದರೆ ಫೋನಿನ ಆಟಗಳು ಬೆರಳಿಗೆಂದು ರೂಪಿಸಿದವು. ಸ್ಪರ್ಶ ಪರದೆ ಇಲ್ಲದ ನಮ್ಮ ಯಂತ್ರದಲ್ಲಿ ಹಲವು ಆಟಗಳು ತೆರೆದರೂ ಆಡಲು ಬರುವುದಿಲ್ಲ. ಆಂಡ್ರಾಯ್ಡ್ ಇಲ್ಲಿ ಯಂತ್ರದೊಳಗಿನ ಯಂತ್ರದಂತಿರುವ ಒಂದು ವರ್ಚುವಲ್ ಯಂತ್ರದೊಳಗೆ ಓಡುವುದರಿಂದ ಅದು ಎಚ್ಚರವಾದ ಕೂಡಲೇ ನಾಲ್ಕು ಜಿಬಿ ರ್‍ಯಾಮಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಮೈನ್‌ಕ್ರಾಫ್ಟ್ 2023ರಲ್ಲಿ ಅಧಿಕೃತವಾಗಿ ಕ್ರೋಮ್‌ಬುಕ್‌ಗೆ ಬಂತಾದರೂ ಅದು ಹೇಳುವ ಕನಿಷ್ಠ ಸೆಲೆರಾನ್ ಎನ್4500. ನಮ್ಮದು ಅದಕ್ಕಿಂತ ಕೆಳಗಿನದು.

ಎರಡನೆಯ ದಾರಿ ಲಿನಕ್ಸ್, ನನಗೆ ನಿಜವಾಗಿ ಫಲ ಕೊಟ್ಟದ್ದು ಇದೇ. ಸೆಟ್ಟಿಂಗ್ಸ್‌ನ `About ChromeOS` ವಿಭಾಗದಲ್ಲಿ `Linux development environment` ಎಂಬುದನ್ನು ಚಾಲೂ ಮಾಡಿದರೆ ಕ್ರೋಮ್ ಓಎಸ್‌ನ ಪಕ್ಕದಲ್ಲೇ ಡೆಬಿಯನ್ ಲಿನಕ್ಸ್ ಬಂದು ಕೂರುತ್ತದೆ. ಎಷ್ಟು ಜಾಗ ಬೇಕೆಂದು ಕೇಳುತ್ತದೆ. ನಾನು 20 ಜಿಬಿ ಕೊಟ್ಟೆ, ಕೆಳಗೆ ಹೇಳುವ ಆಟಗಳಿಗೆ ಅದು ಧಾರಾಳ. ಆಮೇಲೆ ಟರ್ಮಿನಲ್ ತೆರೆದು ಆಟವನ್ನು ಹಾಕುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಇದನ್ನು ಮಾಡದೆ ‘ಕ್ರೋಮ್‌ಬುಕ್‌ನಲ್ಲಿ ಆಟ ಆಗುವುದಿಲ್ಲ’ ಎಂದು ಕೈಬಿಟ್ಟವರನ್ನು ನಾನು ಕಂಡಿದ್ದೇನೆ.

```
sudo apt update
sudo apt install mesa-utils
glxinfo -B | grep "OpenGL renderer"
```

ಉತ್ತರದಲ್ಲಿ `virgl` ಎಂಬ ಪದ ಕಂಡರೆ ಲಿನಕ್ಸಿಗೆ ಯಂತ್ರದ ಗ್ರಾಫಿಕ್ಸ್ ಚಿಪ್ ಸಿಕ್ಕಿದೆ ಎಂದು ಅರ್ಥ. `llvmpipe` ಎಂದು ಬಂದರೆ ಚಿಪ್ ಸಿಕ್ಕಿಲ್ಲ. ಪ್ರತಿಯೊಂದು ಚಿತ್ರವನ್ನೂ ಎರಡೇ ಕೋರ್‌ಗಳ ಬಡ ಪ್ರೊಸೆಸರ್ ತಾನೇ ಬಿಡಿಸುತ್ತಿದೆ. ಈ ಸ್ಥಿತಿಯಲ್ಲಿ ಯಾವುದೇ ತ್ರೀಡಿ ಆಟ ಆಮೆಯಾಗುತ್ತದೆ. ಆಗ ಬ್ರೌಸರಿನಲ್ಲಿ `chrome://flags#crostini-gpu-support` ತೆರೆದು `Enabled` ಎಂದು ಆರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿ, ಅದೇ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಬೇಕು. ಆಗಲೂ `llvmpipe` ಎಂದೇ ಬಂದರೆ ಆ ಯಂತ್ರದಲ್ಲಿ ಟೂಡಿ ಆಟಗಳಿಗಷ್ಟೇ ಸಮಯ ಕೊಡುವುದು ಒಳ್ಳೆಯದು.

ಟೂಡಿ ಎಂದು ಕಡೆಗಣಿಸಬೇಕಾಗಿಲ್ಲ. ಓಪನ್‌ಟಿಟಿಡಿ ಎಂಬ ಸಾರಿಗೆ ಕಂಪನಿ ಕಟ್ಟುವ ಆಟ ಈ ಯಂತ್ರಕ್ಕೆಂದೇ ಹುಟ್ಟಿದಂತಿದೆ. ರೈಲುಮಾರ್ಗ ಹಾಕುವುದು, ಸಿಗ್ನಲ್ ಇಡುವುದು, ಕಲ್ಲಿದ್ದಲು ಸಾಗಿಸಿ ದುಡ್ಡು ಮಾಡುವುದು, ಎಲ್ಲವೂ ಎಲ್ಲಿಯೂ ತಡವರಿಸದೆ ನಡೆಯುತ್ತದೆ. ವೆಸ್‌ನಾತ್ ಎಂಬ ಸರದಿಯ ಯುದ್ಧದ ಆಟವೂ ಅಷ್ಟೇ. ಒಬ್ಬರ ನಡೆ ಮುಗಿದ ಮೇಲೆ ಇನ್ನೊಬ್ಬರ ನಡೆ ಆದ್ದರಿಂದ ಯಂತ್ರ ನಿಧಾನವಾದರೂ ಆಟ ಕೆಡುವುದಿಲ್ಲ. ಸ್ಕಮ್‌ವಿಎಂ ಮೂಲಕ ಹಳೆಯ ಸಾಹಸದ ಆಟಗಳನ್ನೂ ಆಡಬಹುದು. ಬಿನೀತ್ ಎ ಸ್ಟೀಲ್ ಸ್ಕೈಯಂಥ ಕೆಲವನ್ನು ಅವುಗಳ ಒಡೆಯರೇ ಉಚಿತವಾಗಿ ಬಿಟ್ಟಿದ್ದಾರೆ, ಡೆಬಿಯನ್‌ನಲ್ಲೇ ಸಿಗುತ್ತವೆ:

```
sudo apt install openttd wesnoth scummvm beneath-a-steel-sky
```

ಒಮ್ಮೆ ಇಳಿಸಿಕೊಂಡರೆ ಇವು ಯಾವುದಕ್ಕೂ ನೆಟ್ ಬೇಕಿಲ್ಲ. ಪರದೆಯ ಮೇಲೆ ಅಕ್ಷರಗಳು ತೀರಾ ಸಣ್ಣದಾಗಿ ಅಥವಾ ಮಸುಕಾಗಿ ಕಂಡರೆ, ಕೆಳಗಿನ ಪಟ್ಟಿಯಲ್ಲಿರುವ ಆಟದ ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ `Use low density` ಎಂಬುದನ್ನು ಬದಲಾಯಿಸಿ ನೋಡಬೇಕು.

ತ್ರೀಡಿ ಆಟಗಳ ಕಥೆ ಬೇರೆ, ಅದನ್ನು ಬಿಡಿಸಿ ಹೇಳುತ್ತೇನೆ. ಮಗಳಿಗೆ ಮೈನ್‌ಕ್ರಾಫ್ಟ್ ಬಗೆಯ ಆಟ ಬೇಕಿತ್ತು. ಅದಕ್ಕೆ ಮೈನ್‌ಟೆಸ್ಟ್ ಹಾಕಿದೆ. 2024ರಲ್ಲಿ ಇದರ ಹೆಸರು ಲುವಾಂಟಿ ಎಂದಾಯಿತು. ನಮ್ಮಲ್ಲಿರುವ ಡೆಬಿಯನ್ 12ರಲ್ಲಿ ಇನ್ನೂ `minetest` ಎಂಬ ಹೆಸರಿನಲ್ಲೇ ಸಿಗುತ್ತದೆ. ಹಾಕಿದಂತೆಯೇ ಆಡಿದರೆ ಬೆಟ್ಟದ ಕಡೆ ತಿರುಗಿದ ಕೂಡಲೇ ಚಿತ್ರ ಜಗ್ಗುತ್ತಿತ್ತು. ಆಟದೊಳಗೆ ಎಫ್5 ಒತ್ತಿದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು ಕಾಣುತ್ತದೆ. ಕ್ರೋಮ್‌ಬುಕ್‌ನಲ್ಲಿ ಎಫ್ ಕೀಲಿಗಳೇ ಇಲ್ಲ. ಭೂತಗನ್ನಡಿಯ ಚಿತ್ರವಿರುವ ಸರ್ಚ್ ಕೀಲಿಯನ್ನು ಹಿಡಿದು ಮೇಲಿನ ಸಾಲಿನಲ್ಲಿ ಎಸ್ಕೇಪ್ ಬಿಟ್ಟು ಐದನೆಯದನ್ನು ಒತ್ತಬೇಕು. ಸಂಖ್ಯೆ ಇಪ್ಪತ್ತರ ಕೆಳಗೇ ಓಲಾಡುತ್ತಿತ್ತು.

ಸಾಮಾನ್ಯವಾಗಿ ಎಲ್ಲರೂ ಮೊದಲು ಮಾಡುವುದು ಕಿಟಕಿಯನ್ನು ಚಿಕ್ಕದು ಮಾಡುವುದು. ನಾನೂ ಅರ್ಧಕ್ಕೆ ಇಳಿಸಿದೆ. ಸಂಖ್ಯೆ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಈ ನಿಲ್ಲುವಿಕೆಯೇ ರೋಗದ ಗುರುತು. ಚಿಪ್‌ಗೆ ಬಿಡಿಸಬೇಕಾದ ಚುಕ್ಕೆಗಳು ಹೆಚ್ಚಾಗಿದ್ದರೆ ಕಿಟಕಿ ಚಿಕ್ಕದಾದಾಗ ವೇಗ ಏರಲೇಬೇಕು. ಏರಲಿಲ್ಲ ಎಂದರೆ ಅಡಚಣೆ ಬೇರೆ ಕಡೆ ಇದೆ. ಲಿನಕ್ಸ್ ಇಲ್ಲಿ ವರ್ಚುವಲ್ ಯಂತ್ರದೊಳಗಿದೆ. ಆಟವು ‘ಈ ಗೋಡೆ ಬಿಡಿಸು, ಆ ಮರ ಬಿಡಿಸು’ ಎಂದು ಕೊಡುವ ಪ್ರತಿ ಆಜ್ಞೆಯೂ ಆ ಗಡಿಯನ್ನು ದಾಟಿ ಕ್ರೋಮ್ ಓಎಸ್ ಕಡೆಯ ಇನ್ನೊಂದು ಪ್ರೋಗ್ರಾಮಿನ ಕೈಸೇರಿ, ಅಲ್ಲಿಂದ ಚಿಪ್‌ಗೆ ಹೋಗಬೇಕು. ಹೊಳೆ ದಾಟಿಸುವ ದೋಣಿಗೆ ಒಂದು ದೊಡ್ಡ ಮೂಟೆ ಭಾರವಲ್ಲ, ನೂರು ಸಣ್ಣ ಗಂಟುಗಳನ್ನು ಒಂದೊಂದಾಗಿ ಹತ್ತಿಸಿ ಇಳಿಸುವುದೇ ಕಷ್ಟ. ಆ ಹತ್ತಿಸಿ ಇಳಿಸುವ ಕೆಲಸ ಪೂರ್ತಿ ಪ್ರೊಸೆಸರಿನದು, ಅದಕ್ಕಿರುವುದು ಎರಡೇ ಕೋರ್.

ಹಾಗಾದರೆ ಕಡಿಮೆ ಮಾಡಬೇಕಾದದ್ದು ಆಜ್ಞೆಗಳ ಸಂಖ್ಯೆಯನ್ನು. ಮೈನ್‌ಟೆಸ್ಟ್‌ನಲ್ಲಿ ನೋಟದ ದೂರ ಮೊದಲಿಗೆ 190 ಬ್ಲಾಕ್ ಇರುತ್ತದೆ. ಆಡುತ್ತಿರುವಾಗಲೇ ಮೈನಸ್ ಕೀಲಿ ಒತ್ತುತ್ತಾ ಅದನ್ನು 70ಕ್ಕೆ ತಂದೆ. ಸೆಟ್ಟಿಂಗ್ಸ್‌ನಲ್ಲಿ ಶೇಡರ್‌ಗಳನ್ನೂ ತ್ರೀಡಿ ಮೋಡಗಳನ್ನೂ ಆಫ್ ಮಾಡಿದೆ. ಸಂಖ್ಯೆ ಮೂವತ್ತೈದರ ಸುಮಾರಿಗೆ ಬಂದು ಅಲ್ಲೇ ಸ್ಥಿರವಾಯಿತು. ದೂರದ ಬೆಟ್ಟಗಳು ಮಂಜಿನಲ್ಲಿ ಮುಚ್ಚಿಕೊಂಡಿರುತ್ತವೆ, ಆದರೆ ಕಟ್ಟುವ ಆಟಕ್ಕೆ ಕಣ್ಣಳತೆಯ ಅಷ್ಟು ಜಾಗ ಸಾಕು. ಮಗಳು ಇದರಲ್ಲಿ ಒಂದು ಊರನ್ನೇ ಕಟ್ಟಿದ್ದಾಳೆ.

ಅವಳ ಜೊತೆ ಅವಳ ಚಿಕ್ಕಮ್ಮನ ಮಗ ತನ್ನ ಫೋನಿನಿಂದ ಸೇರಿಕೊಳ್ಳುತ್ತಾನೆ, ಇಂಟರ್ನೆಟ್ ಇಲ್ಲದೆಯೇ. ಮನೆಯ ವೈಫೈ ರೂಟರ್ ಚಾಲೂ ಇದ್ದರೆ ಸಾಕು. ಇದಕ್ಕೆ ಇವಳು ಆಟವನ್ನು ಸರ್ವರ್ ಆಗಿ ತೆರೆಯಬೇಕು. ಆದರೆ ಲಿನಕ್ಸ್ ವರ್ಚುವಲ್ ಯಂತ್ರದೊಳಗಿರುವುದರಿಂದ ಹೊರಗಿನ ಫೋನಿಗೆ ಅದು ಕಾಣುವುದಿಲ್ಲ. ಲಿನಕ್ಸ್ ಸೆಟ್ಟಿಂಗ್ಸ್‌ನ `Port forwarding` ಎಂಬಲ್ಲಿ 30000 ಎಂಬ ಪೋರ್ಟನ್ನು, ಟಿಸಿಪಿ ಅಲ್ಲ, ಯುಡಿಪಿ ಎಂದು ಆರಿಸಿ ಸೇರಿಸಬೇಕು. ಫೋನಿನಲ್ಲಿ ಕೊಡಬೇಕಾದ ವಿಳಾಸ ಕ್ರೋಮ್‌ಬುಕ್‌ನ ವೈಫೈ ವಿವರದಲ್ಲಿ ಕಾಣುವ ಐಪಿ. ಲಿನಕ್ಸ್ ಒಳಗೆ ಕಾಣುವ ಐಪಿ ಕೊಟ್ಟರೆ ಫೋನ್ ಸುಮ್ಮನೆ ಕಾಯುತ್ತಾ ಕೂರುತ್ತದೆ.

ಸೂಪರ್‌ಟಕ್ಸ್‌ಕಾರ್ಟ್ ಎಂಬ ಕಾರ್ ಓಟದ ಆಟದಲ್ಲಿ ಇದರ ವಿರುದ್ಧ ದಿಕ್ಕಿನ ಅನುಭವವಾಯಿತು. ಅಲ್ಲಿ ಕಿಟಕಿ ಚಿಕ್ಕದು ಮಾಡಿದರೆ ವೇಗ ಸ್ಪಷ್ಟವಾಗಿ ಏರುತ್ತದೆ, ಅಂದರೆ ದಣಿಯುತ್ತಿರುವುದು ಚಿಪ್. ಗ್ರಾಫಿಕ್ಸ್ ಮಟ್ಟವನ್ನು ಅತಿ ಕೆಳಗೆ ಇಳಿಸಿ ಚಿಕ್ಕ ಕಿಟಕಿಯಲ್ಲಿ ಆಡಿದರೆ ಓಟ ಚೆನ್ನಾಗಿರುತ್ತದೆ. ಆದರೆ ಕೆಲವು ಓಟಗಳ ನಂತರ ವೇಗ ಕುಸಿಯುತ್ತದೆ. ಈ ಪ್ರೊಸೆಸರ್ ಕ್ಷಣಕಾಲ 2.8 ಗಿಗಾಹರ್ಟ್ಸ್‌ಗೆ ಏರಬಲ್ಲದು, ಮೂಲ ವೇಗ ಮಾತ್ರ 1.1. ಫ್ಯಾನ್ ಇಲ್ಲದ್ದರಿಂದ ಬಿಸಿಯೇರಿದಂತೆ ಅದು ಕೆಳಗಿಳಿಯುತ್ತದೆ. ಹಾಸಿಗೆಯ ಮೇಲಿಂದ ಎತ್ತಿ ಗಟ್ಟಿ ಮೇಜಿನ ಮೇಲಿಟ್ಟರೆ ಸ್ವಲ್ಪ ಸುಧಾರಿಸುತ್ತದೆ.

ಆಗದೇ ಇರುವುದನ್ನೂ ಹೇಳಬೇಕು. ಈ ಲಿನಕ್ಸ್ ಒಳಗೆ ಸ್ಟೀಮ್ ಅನ್ನು ಬೇರೆಯಾಗಿ ಹಾಕಿ ನೋಡಿದ್ದೇನೆ. ತೆರೆಯುತ್ತದೆ, ಆದರೆ ಅಂಗಡಿಯ ಪುಟವೇ ರ್‍ಯಾಮನ್ನು ನುಂಗುತ್ತದೆ. ವಿಂಡೋಸ್ ಆಟಗಳನ್ನು ಓಡಿಸುವ ಪ್ರೋಟಾನ್‌ಗೆ ಸಾಮಾನ್ಯವಾಗಿ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಬೇಕು. ನಮ್ಮ ಯಂತ್ರದ ಲಿನಕ್ಸಿಗೆ ಸಿಗುವುದು ಓಪನ್‌ಜಿಎಲ್ ಮಾತ್ರ. ಆಟ ‘ಚಾಲೂ ಆಗುತ್ತಿದೆ’ ಎಂದು ತೋರಿಸಿ ಸದ್ದಿಲ್ಲದೆ ಮುಚ್ಚಿಕೊಂಡರೆ ಇದೇ ಕಾರಣವೆಂದು ಮೊದಲು ಅನುಮಾನಿಸಬೇಕು. ಝೀರೋ ಎಡಿ ಎಂಬ ಸಾಮ್ರಾಜ್ಯ ಕಟ್ಟುವ ಆಟ ಸಣ್ಣ ನಕ್ಷೆಯಲ್ಲಿ ಆರಂಭದಲ್ಲಿ ಚೆನ್ನಾಗಿದ್ದು, ಎರಡೂ ಕಡೆ ಸೈನ್ಯ ಬೆಳೆದ ಮೇಲೆ ತೆವಳುತ್ತದೆ. ಅದನ್ನು ತೆಗೆದುಹಾಕಿದೆ.

ಯಾವ ಆಟವಾದರೂ ಶುರು ಮಾಡುವ ಮೊದಲು ಸರ್ಚ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡುತ್ತೇವೆ. ಬ್ರೌಸರಿನ ಟ್ಯಾಬ್‌ಗಳನ್ನು ಮುಚ್ಚುತ್ತೇವೆ. ಆಂಡ್ರಾಯ್ಡ್ ಮತ್ತು ಲಿನಕ್ಸ್ ಎರಡೂ ಒಮ್ಮೆಗೇ ಎದ್ದರೆ ನಾಲ್ಕು ಜಿಬಿ ಸಾಲುವುದಿಲ್ಲ. ಟ್ಯಾಬ್‌ಗಳು ತಾವಾಗಿ ಮತ್ತೆ ಲೋಡ್ ಆಗತೊಡಗುವುದು ಅದರ ಮೊದಲ ಲಕ್ಷಣ.

ಈಗ ಕೊಳ್ಳುವವರಿಗೆ ನನ್ನ ಮಾತು: ಆಟದ ಆಸೆ ಇದ್ದರೆ ಪ್ರೊಸೆಸರಿಗಿಂತ ಮೊದಲು ಎಂಟು ಜಿಬಿ ರ್‍ಯಾಮ್ ಇರುವುದನ್ನು ಹುಡುಕಿ, ಏಕೆಂದರೆ ಇಂಥ ಅಗ್ಗದ ಮಾದರಿಗಳಲ್ಲಿ ರ್‍ಯಾಮನ್ನು ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತಾರೆ. ಮೀಡಿಯಾಟೆಕ್ ಚಿಪ್ ಇರುವ ಮಾದರಿಗಳಲ್ಲಿ ಡೆಬಿಯನ್‌ನ ಆಟಗಳು ಓಡುತ್ತವೆ, ಆದರೆ ಹಳೆಯ ವಿಂಡೋಸ್ ಆಟಗಳನ್ನು ಲಿನಕ್ಸಿನ ವೈನ್ ಎಂಬ ಪ್ರೋಗ್ರಾಮಿನಲ್ಲಿ ನೇರವಾಗಿ ಓಡಿಸುವ ದಾರಿ ಅಲ್ಲಿಲ್ಲ. ಶಾಲೆ ಕೊಟ್ಟ ಕ್ರೋಮ್‌ಬುಕ್ ಆಗಿದ್ದರೆ ಲಿನಕ್ಸ್ ಆಯ್ಕೆಯನ್ನು ಆಡಳಿತದವರು ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಮನೆಯಲ್ಲಿ ತೆರೆಯಲು ಬರುವುದಿಲ್ಲ. ಮತ್ತೆ, ಎಲ್ಲವನ್ನೂ ಅಳಿಸಿ ಯಂತ್ರವನ್ನು ಹೊಸದರಂತೆ ಮಾಡುವ ಪವರ್‌ವಾಶ್ ನಡೆಸಿದರೆ ಲಿನಕ್ಸ್ ಒಳಗಿನ ಆಟಗಳೂ ಮಕ್ಕಳು ಕಟ್ಟಿದ ಊರುಗಳೂ ಅಳಿಸಿಹೋಗುತ್ತವೆ. ಅದಕ್ಕೆ ಮೊದಲು ಲಿನಕ್ಸ್ ಸೆಟ್ಟಿಂಗ್ಸ್‌ನಲ್ಲಿರುವ ಬ್ಯಾಕಪ್ ಆಯ್ಕೆಯಿಂದ `.tini` ಫೈಲ್ ಮಾಡಿಕೊಂಡು ಪೆನ್ ಡ್ರೈವ್‌ಗೆ ಹಾಕಿಡಬೇಕು.